ಹತ್ತು ಸೆಕೆಂಡೋ, ಎಪ್ಪತ್ತೋ?

ಎದುರಿನಿಂದ ಬಂದ ರೈಲು ಕಿಟಕಿಯಾಚೆ ಸರ್ರನೆ ಮಾಯವಾಗುತ್ತದೆ. ನಮ್ಮ ದಿಕ್ಕಿಗೇ ಹೊರಟದ್ದು ಎಷ್ಟು ಹೊತ್ತಾದರೂ ಹಿಂದೆ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಮರೆಯುವುದು ಇದನ್ನೇ.

150 ಮೀಟರ್ ಉದ್ದದ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ, ಅದರ ಮುಂದೆ 200 ಮೀಟರಿನದು 54ರಲ್ಲಿ, ಒಂದೇ ದಿಕ್ಕಿಗೆ ಓಡುತ್ತಿವೆ ಎನ್ನಿ. ಅಂದರೆ ಸೆಕೆಂಡಿಗೆ 20 ಮತ್ತು 15 ಮೀಟರ್. ಅವಸರದಲ್ಲಿ ವೇಗಗಳನ್ನು ಕೂಡಿ, 350ನ್ನು 35ರಿಂದ ಭಾಗಿಸಿ, ದಾಟಲು 10 ಸೆಕೆಂಡ್ ಎಂದುಬಿಡುತ್ತಾರೆ. ಉತ್ತರ ಎಷ್ಟು ನೀಟಾಗಿದೆಯೆಂದರೆ ಅನುಮಾನವೇ ಬರದು!

ಆದರೆ ಆ 10 ಸೆಕೆಂಡಿನಲ್ಲಿ ಹಿಂದಿನದು 200 ಮೀಟರ್ ಓಡಿದರೆ ಮುಂದಿನದೂ 150 ಮೀಟರ್ ಓಡಿರುತ್ತದೆ. ಗಳಿಸಿದ್ದು ಬರೀ 50, ಬೇಕಾದದ್ದು 350. ಸೆಕೆಂಡಿಗೆ 5 ಮೀಟರಿನಂತೆ 70 ಸೆಕೆಂಡ್ ಹಿಡಿಯುತ್ತದೆ. ಎದುರುಬದುರಾಗಿದ್ದರೆ ಮಾತ್ರ 10. ಉದ್ದಗಳನ್ನಂತೂ ಎರಡೂ ಕಡೆ ಕೂಡಲೇಬೇಕು.