ತೆರೆದರೂ ಓದಲಾಗದ ಕನ್ನಡ ಕಡತಗಳು

ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಅಚ್ಚಾದ ಒಂದು ಸ್ಮರಣ ಸಂಚಿಕೆಯ ಸಿ.ಡಿ. ಈಗ ನೋಯ್ಡಾದ ಕನ್ನಡ ಕುಟುಂಬವೊಂದರ ಕೈಯಲ್ಲಿದೆ ಎಂದುಕೊಳ್ಳೋಣ. ಅದರೊಳಗಿನ ಕಡತದ ಹೆಸರು `smaranike.pmd`. ಅದನ್ನು ಕ್ಲಿಕ್ಕಿಸಿದರೆ, ಇದನ್ನು ತೆರೆಯುವ ತಂತ್ರಾಂಶವಿಲ್ಲ ಎಂದು ಕಂಪ್ಯೂಟರ್ ಹೇಳುತ್ತದೆ. ಹೇಗೋ ತೆರೆದವರಿಗೆ ಕಾಣುವುದು `PÀ£ÁðlPÀ` ಎಂಬಂಥ ಸಾಲುಗಳು. ಕಡತ ಕೆಟ್ಟಿದೆ ಎಂದು ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ವಾಸ್ತವದಲ್ಲಿ ಕಡತ ಸರಿಯಾಗಿಯೇ ಇದೆ. ಅದಕ್ಕೆ ಎರಡು ಬೀಗಗಳಿವೆ, ಅಷ್ಟೇ.

ಮೊದಲ ಬೀಗ: ಪೇಜ್‌ಮೇಕರ್

`.pmd` ಎಂಬುದು ಪೇಜ್‌ಮೇಕರ್ ಕಡತದ ಗುರುತು. ಕನ್ನಡದ ಡಿಟಿಪಿ ಕೇಂದ್ರಗಳು ಬಹುಕಾಲ ನೆಚ್ಚಿಕೊಂಡಿದ್ದ ಈ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ, 7.0, ಬಂದದ್ದು 2001ರಲ್ಲಿ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಹಳೆಯ ಪೇಜ್‌ಮೇಕರ್ ಪುಟಗಳನ್ನು ಸಿಎಸ್6 ಆವೃತ್ತಿಯವರೆಗೆ ತೆರೆಯುತ್ತಿತ್ತು, ಮುಂದಿನವುಗಳಲ್ಲಿ ಆ ಸೌಲಭ್ಯವಿಲ್ಲ. ಹೀಗಾಗಿ ಹೊಸ ಕಂಪ್ಯೂಟರ್ ಕೊಂಡಷ್ಟೂ ಹಳೆಯ ಕಡತ ದೂರವಾಗುತ್ತ ಹೋಗುತ್ತದೆ.

ಇದಕ್ಕೆ ಒಂದು ದಾರಿ ಇದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ 4.4ನೇ ಆವೃತ್ತಿಯಿಂದ ಪೇಜ್‌ಮೇಕರ್ ಕಡತಗಳನ್ನು ಓದಬಲ್ಲದು. ಮೂಲ ಕಡತವನ್ನು ಹಾಗೆಯೇ ಇಟ್ಟು, ಅದರ ಒಂದು ಪ್ರತಿಯನ್ನು ಪಿಡಿಎಫ್ ಮಾಡಿಕೊಳ್ಳಬೇಕು:

```
soffice --headless --convert-to pdf smaranike.pmd
```

ಇಲ್ಲೊಂದು ಮಿತಿಯಿದೆ. ಈ ಓದು ಪರಿಪೂರ್ಣವಲ್ಲ. ಅಂಕಣಗಳು ಸರಿದಾಡಬಹುದು, ಚಿತ್ರಗಳು ಬಿಟ್ಟುಹೋಗಬಹುದು. ಪುಟದ ಅಂದವೇ ಮುಖ್ಯವಾದರೆ, ಪೇಜ್‌ಮೇಕರನ್ನು ಉಳಿಸಿಕೊಂಡಿರುವ ಹಳೆಯ ಡಿಟಿಪಿಯವರನ್ನು ಹುಡುಕುವುದೇ ಮೇಲು.

ಎರಡನೆಯ ಬೀಗ: ಫಾಂಟು

ಪುಟ ತೆರೆದ ಮೇಲೂ ಅಕ್ಷರ ಕಲಸಿಹೋಗಲು ಕಾರಣ ಬೇರೆಯೇ ಇದೆ. ಕನ್ನಡವನ್ನು ವಿಂಡೋಸ್ ತಾನೇ ಬಲ್ಲಂತಾದದ್ದು 2001ರ ಎಕ್ಸ್‌ಪಿಯಿಂದ. ಅದಕ್ಕೂ ಮುಂಚೆ ಕನ್ನಡ ಮೂಡಿಸಲು ಇದ್ದ ಉಪಾಯವೆಂದರೆ ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ನುಡಿ, ಬರಹ ಫಾಂಟುಗಳಲ್ಲಿ `P` ಎಂಬ ಸಂಕೇತಕ್ಕೆ ತಲಕಟ್ಟಿಲ್ಲದ ಕಕಾರದ ಆಕಾರ, `À` ಎಂಬುದಕ್ಕೆ ತಲಕಟ್ಟು, ಎರಡೂ ಸೇರಿದರೆ 'ಕ'. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ವೇಷ ಕಳಚಿ ಇಂಗ್ಲಿಷ್ ಸಂಕೇತಗಳೇ ಉಳಿಯುತ್ತವೆ. ಈ ವ್ಯವಸ್ಥೆಯನ್ನು ಇಂದು ಹಳಿಯುವುದು ಸುಲಭ. ಆದರೆ ಯೂನಿಕೋಡ್ ಅರಿಯದ ಪೇಜ್‌ಮೇಕರಿನಲ್ಲಿ ಎಷ್ಟೋ ಕನ್ನಡ ಪುಸ್ತಕಗಳು ಹೊರಬಂದದ್ದು ಇದರಿಂದಲೇ.

ನೋಯ್ಡಾದ ಹಿಂದಿ ಟೈಪಿಂಗ್ ಅಂಗಡಿಗಳಲ್ಲಿ ಕನ್ನಡ ಫಾಂಟು ಸಿಗುವುದು ಕಷ್ಟ, ಸಮಸ್ಯೆ ಮಾತ್ರ ಅಲ್ಲಿಯವರಿಗೂ ಚೆನ್ನಾಗಿ ಗೊತ್ತು. ಕೃತಿದೇವ್ ಫಾಂಟಿನಲ್ಲಿ 'ಹಿಂದಿ' ಎಂಬ ಪದ `fgUnh` ಎಂದು ಉಳಿದಿರುತ್ತದೆ. ಕನ್ನಡ ಕಡತದಲ್ಲಿ ಯಾವ ಫಾಂಟಿದೆ ಎಂದು ಗುರುತು ಹಿಡಿಯುವುದೂ ಇಂಥ ಸಂಕೇತಗಳಿಂದಲೇ: ಎರಡು ಮೂರು ಅಕ್ಷರಕ್ಕೊಮ್ಮೆ `À` ಕಂಡರೆ ಅದು ಬಹುಮಟ್ಟಿಗೆ ನುಡಿ ಅಥವಾ ಬರಹ. ಶ್ರೀಲಿಪಿಯ ಸಂಕೇತಗಳು ಬೇರೆ, ಅದನ್ನು ಯೂನಿಕೋಡ್‌ಗೆ ತರುವ ಪರಿವರ್ತಕವೂ ಬೇರೆಯೇ ಬೇಕು.

ಪರಿವರ್ತನೆ ಎಡವುವುದು ಎಲ್ಲಿ

ಫಾಂಟನ್ನು ಅಳವಡಿಸಿ ಪಿಡಿಎಫ್ ಮಾಡಿದರೆ ಸಾಲದೇ ಎಂಬ ವಾದವಿದೆ. ಓದುವುದಕ್ಕಷ್ಟೇ ಆದರೆ ಸಾಕು. ಆದರೆ ಆ ಪಿಡಿಎಫ್‌ನಲ್ಲಿ 'ಕರ್ನಾಟಕ' ಎಂದು ಹುಡುಕಿದರೆ ಏನೂ ಸಿಗದು, ನಕಲು ಮಾಡಿದರೆ ಮತ್ತೆ `PÀ£ÁðlPÀ` ಬರುತ್ತದೆ. ಹುಡುಕಲು, ಮರುಮುದ್ರಿಸಲು ಯೂನಿಕೋಡ್ ಪಠ್ಯವೇ ಬೇಕು.

ಪರಿವರ್ತನೆಯೆಂದರೆ ಒಂದು ಸಂಕೇತದ ಜಾಗಕ್ಕೆ ಇನ್ನೊಂದನ್ನು ಇಟ್ಟು ಮುಗಿಸುವ ಕೆಲಸವಲ್ಲ. ಮೇಲಿನ ಪದದಲ್ಲಿ `ð` ಎಂಬುದು ಅರ್ಕಾವತ್ತು. ಬರೆಯುವಾಗ ಅದು 'ನಾ' ಆದ ಮೇಲೆ ಬರುತ್ತದೆ, ಉಚ್ಚಾರಣೆಯಲ್ಲಿ ಮೊದಲು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನೇ ಹಿಡಿಯುತ್ತದೆ. ಆದ್ದರಿಂದ ಪರಿವರ್ತಕವು ರಕಾರವನ್ನು ಹಿಂದಕ್ಕೆ ಎತ್ತಿಟ್ಟು 'ರ್ನಾ' ಮಾಡಬೇಕು. ಈ ಸೂಕ್ಷ್ಮ ತಪ್ಪಿದ ಪರಿವರ್ತಕದಲ್ಲಿ 'ಸೂರ್ಯ', 'ಧರ್ಮ', 'ವರ್ಷ' ಎಲ್ಲವೂ ಕೆಡುತ್ತವೆ.

ಇನ್ನೊಂದು ತೊಡಕು ನಡುವೆ ಬರುವ ಇಂಗ್ಲಿಷಿನದು. ಬರೀ ಪಠ್ಯವಾಗಿ ನಕಲಿಸಿದಾಗ ಯಾವ ಪದ ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿ ಅಳಿಸಿಹೋಗುತ್ತದೆ. ಆಗ ವಿಳಾಸದಲ್ಲಿದ್ದ `Plot` ಎಂಬ ಪದವನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿಸುತ್ತದೆ. ಮಿಂಚಂಚೆ ವಿಳಾಸ, ಇಂಗ್ಲಿಷ್ ಹೆಸರುಗಳನ್ನು ಮೊದಲೇ ತೆಗೆದಿಟ್ಟು ಆಮೇಲೆ ಸೇರಿಸುವುದು ಕ್ಷೇಮ.

ಅಚ್ಚಾದ ಪ್ರತಿ ಕೈಯಲ್ಲಿದ್ದರೆ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುವ ದಾರಿಯೂ ಇದೆ. ಕಡತವೇ ಕೆಟ್ಟಿದ್ದರೆ ಅದು ಒಳ್ಳೆಯ ಆಯ್ಕೆ. ಆದರೆ ಅದರ ತಪ್ಪುಗಳು ಎಲ್ಲೆಂದರಲ್ಲಿ ಬೀಳುತ್ತವೆ, ಒಂದೊಂದನ್ನೂ ಓದಿಯೇ ಹಿಡಿಯಬೇಕು. ಫಾಂಟು ಪರಿವರ್ತನೆಯ ತಪ್ಪಾದರೋ ಒಂದು ಕಡೆ ಆದದ್ದು ಅಂಥ ಎಲ್ಲ ಕಡೆಯೂ ಆಗಿರುತ್ತದೆ, ಒಮ್ಮೆ ಗುರುತಿಸಿದರೆ ಇಡೀ ಪುಸ್ತಕದಲ್ಲಿ ಒಟ್ಟಿಗೆ ತಿದ್ದಬಹುದು. ಕಡತ ಉಳಿದಿರುವಾಗ ಪರಿವರ್ತನೆಯೇ ಮೊದಲ ಆಯ್ಕೆಯಾಗಬೇಕು. ಇಡೀ ಸಂಚಿಕೆಗೆ ಕೈಹಾಕುವ ಮುನ್ನ ಅರ್ಕಾವತ್ತು, ಒತ್ತಕ್ಷರ, ಇಂಗ್ಲಿಷ್ ಮೂರೂ ಇರುವ ಒಂದು ಪುಟವನ್ನು ಪರಿವರ್ತಿಸಿ, ಪಿಡಿಎಫ್‌ನೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಬೇಕು.