ಬಾಡಿಗೆ ಲೆಕ್ಕ: ಮೊದಲು ಪಾಲಿಕೆ, ಆಮೇಲೆ ಮೂವತ್ತು

ಕದ್ರಿಯಲ್ಲಿ ನಾವು ನಾಲ್ವರು ಇರುವ ಮನೆಗೆ ತಿಂಗಳಿಗೆ 15,000 ಬಾಡಿಗೆ. ಓನರ್ ಅಂಕಲ್ ಒಂದು ಸಂಜೆ ಬಂದು, "ಇಂಜಿನಿಯರಿಂಗ್ ಓದ್ತೀರಲ್ಲ, 2025-26ರ ಬಾಡಿಗೆಯಲ್ಲಿ ತೆರಿಗೆಗೆ ಎಷ್ಟು ಬರ್ತದೆ ನೋಡಿ ಮಾರಾಯ್ರೆ" ಅಂದ್ರು. ಸುಲಭ ಅಂತ ಕೂತೆವು, ತಪ್ಪಿದೆವು.

ವರ್ಷದ ಬಾಡಿಗೆ 1,80,000. ನಾವು ಅದರ ಮೇಲೆ 30% ಅಂದ್ರೆ 54,000 ಕಳೆದೆವು. ಆಮೇಲೆ ಮಂಗಳೂರು ಮಹಾನಗರ ಪಾಲಿಕೆಗೆ ಅವರು ಕಟ್ಟಿದ ಆಸ್ತಿ ತೆರಿಗೆ 12,000 ಕಳೆದೆವು. ಉಳಿದದ್ದು 1,14,000. ಇಲ್ಲಿ ಎಡವಟ್ಟಾದದ್ದು ಕ್ರಮದಲ್ಲಿ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಮೊದಲು ಪಾಲಿಕೆ ತೆರಿಗೆ ಕಳೆಯಬೇಕು. ಉಳಿದದ್ದಕ್ಕೆ ನಿವ್ವಳ ವಾರ್ಷಿಕ ಮೌಲ್ಯ ಅಂತ ಹೆಸರು. 30% ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದು ಅದರ ಮೇಲೆ ಮಾತ್ರ.

ಸರಿಯಾದ ಲೆಕ್ಕ ಹೀಗೆ:

ಬಾಡಿಗೆ: 1,80,000
ಪಾಲಿಕೆ ತೆರಿಗೆ ಕಳೆದರೆ: 1,68,000
ಅದರ 30%: 50,400
ತೆರಿಗೆಗೆ ಒಳಪಡುವ ಆದಾಯ: 1,17,600

ನಮ್ಮ ಲೆಕ್ಕ ಹಾಕಿ ರಿಟರ್ನ್ ಸಲ್ಲಿಸಿದ್ದರೆ ಅಂಕಲ್ 3,600 ರೂಪಾಯಿ ಆದಾಯ ಕಡಿಮೆ ತೋರಿಸಿದ ಹಾಗೆ ಆಗ್ತಿತ್ತು. ಅಂದ ಹಾಗೆ 1,17,600 ಅನ್ನೋದು ಕಟ್ಟಬೇಕಾದ ತೆರಿಗೆಯಲ್ಲ. ಅದು ಅವರ ಪೆನ್ಷನ್, ಬಡ್ಡಿ ಎಲ್ಲದರ ಜೊತೆ ಸೇರುವ ಆದಾಯ.

ಈಗ ಆ 12,000ದ ಕಥೆ. ಈ ಮನೆಯ ಆಸ್ತಿ ತೆರಿಗೆ ವರ್ಷಕ್ಕೆ 6,000 ಮಾತ್ರ. 2024-25ರದ್ದು ಬಾಕಿ ಇತ್ತು. ಅಂಕಲ್ 2025ರ ಏಪ್ರಿಲ್‌ನಲ್ಲಿ ಎರಡೂ ವರ್ಷದ್ದನ್ನು ಒಟ್ಟಿಗೆ ಕಟ್ಟಿದರು. ಯಾವ ವರ್ಷದ ತೆರಿಗೆ ಅನ್ನೋದು ಇಲ್ಲಿ ಮುಖ್ಯವಲ್ಲ, ಯಾವ ವರ್ಷ ಕಟ್ಟಿದರು ಅನ್ನೋದೇ ಮುಖ್ಯ. ಹಾಗಾಗಿ ಪೂರ್ತಿ 12,000 ಇದೇ ವರ್ಷ ಕಳೆಯಬಹುದು. ಕಟ್ಟದೆ ಬಾಕಿ ಇಟ್ಟಿದ್ದರೆ ಒಂದು ರೂಪಾಯಿಯೂ ಇಲ್ಲ. ತೆರಿಗೆಯನ್ನು ಬಾಡಿಗೆಯವರಾದ ನಾವೇ ಕಟ್ಟಿದ್ದರೂ ಅಂಕಲ್‌ಗೆ ಅದು ಸಿಗ್ತಿರಲಿಲ್ಲ, ಮಾಲೀಕರೇ ಕಟ್ಟಿರಬೇಕು. ಅದಕ್ಕೇ ರಸೀದಿಯಲ್ಲಿ ಮೊತ್ತದ ಜೊತೆ ದಿನಾಂಕವನ್ನೂ ನೋಡಬೇಕು.

ಕೊನೆಗೆ ಅಂಕಲ್ ಕೇಳಿದ್ದು: "ಮಳೆಗಾಲದ ನಂತರ ಪೇಂಟಿಂಗ್, ಹಂಚು ರಿಪೇರಿ ಅಂತ 60,000 ಹೋಯ್ತಲ್ಲ, ಅದು?"

ಅದನ್ನು ಬೇರೆ ಕಳೆಯುವ ಹಾಗಿಲ್ಲ. ರಿಪೇರಿ, ಪೇಂಟಿಂಗ್, ಬ್ರೋಕರ್ ಕಮಿಷನ್ ಎಲ್ಲ ಆ 30%ರಲ್ಲೇ ಮುಗೀತು. ಬಿಲ್ ತೋರಿಸಿದರೂ 50,400ಕ್ಕಿಂತ ಮೇಲೆ ಹೋಗುವುದಿಲ್ಲ. ಆದರೆ ಒಂದು ಮೊಳೆ ಹೊಡೆಯದ ವರ್ಷದಲ್ಲೂ 30% ಪೂರ್ತಿ ಸಿಗುತ್ತೆ. ಬೇರೆಯಾಗಿ ಕಳೆಯಬಹುದಾದ ದೊಡ್ಡ ಖರ್ಚು ಅಂದ್ರೆ ಮನೆ ಸಾಲದ ಬಡ್ಡಿ. ಅಂಕಲ್‌ಗೆ ಸಾಲ ಇಲ್ಲ.

"ಹಾಗಾದ್ರೆ ಬರುವ ವರ್ಷ ರಿಪೇರಿ ಬೇಡ" ಅಂದ್ರು ಅಂಕಲ್. ನಮ್ಮ ರೂಮಿನ ಮಾಡು ಇನ್ನೂ ಸೋರ್ತಾ ಉಂಟು.