ಉದ್ರಿ ಕೇಳುವ ಇಮೇಲ್‌ನಲ್ಲಿ ಏನಿರಬೇಕು?

ಉದ್ರಿ ಕೊಡುವ ಮುನ್ನ ಹೋಲ್‌ಸೇಲ್ ವ್ಯಾಪಾರಿ ಎರಡು ಲೆಕ್ಕ ಹಾಕುತ್ತಾನೆ. ಹಣ ಯಾವಾಗ ಬರುತ್ತದೆ? ಬಾರದೇ ಹೋದರೆ ಎಷ್ಟು ಮುಳುಗುತ್ತದೆ? ‘ನಂಬಿಕೆ ಇಟ್ಟು ಸಹಕರಿಸಿ’ ಎಂದು ಬರೆದ ಇಮೇಲ್‌ನಲ್ಲಿ ಇವೆರಡಕ್ಕೂ ಉತ್ತರ ಸಿಗುವುದಿಲ್ಲ.

ತುಮಕೂರಿನಲ್ಲಿ ಒಂದು ಸ್ಟೇಷನರಿ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹೋಲ್‌ಸೇಲ್ ಅಂಗಡಿಯಿಂದ ವಾರಕ್ಕೆ 20,000 ರೂಪಾಯಿಯ ನೋಟ್‌ಬುಕ್, ಪೆನ್ನು ನಗದು ಕೊಟ್ಟು ತರಿಸುತ್ತದೆ. ಬಂದ ಸರಕು ಖಾಲಿಯಾಗಲು ಸುಮಾರು ಮೂರು ವಾರ ಬೇಕು. ಹಾಗಾದರೆ ಕೇಳಬೇಕಾದ ವಾಯಿದೆ 21 ದಿನ. ಮೊದಲ ಬಿಲ್ಲಿನ ಹಣ ಕಟ್ಟುವ ಹೊತ್ತಿಗೆ ಮೂರು ಬಿಲ್ಲುಗಳು ಬಾಕಿ ಇರುತ್ತವೆ, ಅಂದರೆ 60,000. ಕೇಳಬೇಕಾದ ಮಿತಿಯೂ ಅಷ್ಟೇ. ಇರಲಿ ಎಂದು ಎರಡು ಲಕ್ಷ ಕೇಳಿದರೆ, ಈ ಮನುಷ್ಯನಿಗೆ ಬೇರೆ ಎಲ್ಲೋ ಸಾಲ ತೀರಿಸುವುದಿದೆ ಎಂಬ ಅನುಮಾನ ಹುಟ್ಟುತ್ತದೆ. ಆ ಅನುಮಾನ ತಪ್ಪೆಂದು ನಾನಂತೂ ಹೇಳಲಾರೆ.

ಇಮೇಲ್ ಹೀಗೆ ಆರಂಭವಾಗಲಿ: ‘ಮಾನ್ಯರೇ, ನಾವು 2016ರಿಂದ ತುಮಕೂರಿನಲ್ಲಿ ಸ್ಟೇಷನರಿ ಅಂಗಡಿ ನಡೆಸುತ್ತಿದ್ದೇವೆ. ಎರಡು ವರ್ಷದಿಂದ ನಿಮ್ಮಲ್ಲಿ ನಗದು ಖರೀದಿ ಮಾಡುತ್ತಿದ್ದೇವೆ. 21 ದಿನಗಳ ವಾಯಿದೆಯಲ್ಲಿ 60,000 ರೂಪಾಯಿವರೆಗೆ ಉದ್ರಿ ಖಾತೆ ತೆರೆದುಕೊಡಬೇಕೆಂದು ಕೋರುತ್ತೇವೆ.’ ಅದರ ಕೆಳಗೆ ಮಾಲೀಕರ ಹೆಸರು, ಅಂಗಡಿ ಸ್ವಂತದ್ದೋ ಬಾಡಿಗೆಯದೋ, ವಾರದ ಖರೀದಿ, ಜಿಎಸ್‌ಟಿ ಸಂಖ್ಯೆ ಬರಲಿ.

ಜಿಎಸ್‌ಟಿ ಸಂಖ್ಯೆಯನ್ನು ಬರೀ ಶಾಸ್ತ್ರಕ್ಕೆಂದು ಬರೆಯುವವರಿದ್ದಾರೆ. ಅದರ 15 ಅಕ್ಷರಗಳನ್ನು gst.gov.in ತಾಣದಲ್ಲಿ ಹಾಕಿದರೆ ನೋಂದಣಿ ಯಾವಾಗ ಆಯಿತು, ಈಗ ಚಾಲ್ತಿಯಲ್ಲಿದೆಯೇ, ರಿಟರ್ನ್‌ಗಳು ಸಲ್ಲಿಕೆಯಾಗಿವೆಯೇ ಎಂಬುದು ಯಾರಿಗಾದರೂ ಕಾಣುತ್ತದೆ. 2016ರ ಅಂಗಡಿಯ ನೋಂದಣಿ ಕಳೆದ ವರ್ಷದ್ದಾಗಿದ್ದರೆ ಅದರ ಕಾರಣವನ್ನು ನೀವೇ ಒಂದು ಸಾಲಿನಲ್ಲಿ ತಿಳಿಸಿಬಿಡಿ. ಅವರಾಗಿ ಕಂಡುಕೊಂಡರೆ ಉಳಿದ ಮಾತುಗಳ ಮೇಲೂ ಸಂಶಯ ಬರುತ್ತದೆ.

ಪರಿಚಯಕ್ಕೆ ಊರಿನ ಮುಖಂಡರ ಹೆಸರಾಗಲಿ, ಭಾವನ ಹೆಸರಾಗಲಿ ಬೇಡ. ಈಗಾಗಲೇ ನಿಮಗೆ ಉದ್ರಿ ಕೊಡುತ್ತಿರುವ ಇಬ್ಬರು ಸರಬರಾಜುದಾರರ ಹೆಸರು ಸಾಕು. ಅವರ ಒಪ್ಪಿಗೆ ಮೊದಲೇ ಪಡೆಯಿರಿ. ಬರೀ ಫೋನ್ ನಂಬರ್ ಕೊಟ್ಟು ಸುಮ್ಮನಾಗದೆ, ‘ಇವರಲ್ಲಿ ಮೂರು ವರ್ಷದಿಂದ 15 ದಿನಗಳ ವಾಯಿದೆ, 25,000 ಮಿತಿ’ ಎಂದು ಬರೆಯಿರಿ. ಫೋನ್ ಮಾಡಿದವರಿಗೆ ಏನನ್ನು ಕೇಳಬೇಕೆಂದು ಆಗ ಗೊತ್ತಿರುತ್ತದೆ. ಒಮ್ಮೆ ಹಣ ತಡವಾಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಆ ಕಡೆಯವರು ಹೇಗೂ ಹೇಳಿಬಿಡುತ್ತಾರೆ. ಇನ್ನೂ ಯಾರೂ ಉದ್ರಿ ಕೊಟ್ಟಿಲ್ಲವೇ? ಹಾಗೆಂದೇ ಬರೆದು, ಒಂದೇ ಬಿಲ್ಲಿನ ಉದ್ರಿಯಿಂದ ಶುರು ಮಾಡಲು ಕೇಳಿ.

ಶಾಲೆ ಶುರುವಾಗುವ ಮೇ–ಜೂನ್ ಹೊತ್ತಿಗೆ ಹೋಲ್‌ಸೇಲ್‌ನವರ ಹಣವೆಲ್ಲ ಸರಕಿನಲ್ಲೇ ಸಿಕ್ಕಿಕೊಂಡಿರುತ್ತದೆ. ಫೆಬ್ರುವರಿಯಲ್ಲೇ ಇಮೇಲ್ ಕಳಿಸುವುದು ಒಳ್ಳೆಯದು. ಭದ್ರತೆಗೆಂದು ಅವರು ಸಹಿ ಹಾಕಿದ ಖಾಲಿ ಚೆಕ್ ಕೇಳಿದರೆ, ಮೊತ್ತ ತುಂಬದೆ ಕೊಡಬೇಡಿ.